ಪಾಯಿಂಟ್ ಬೇರೆ, ಹಾಜರಿ ಬೇರೆ

ಕಳೆದ ವರ್ಷ ನಮ್ಮಕ್ಕ ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗಿಬಂದಳು. ಬೆಂಗಳೂರಿನಿಂದ ಒಂದು ವಿಮಾನ, ನಡುವೆ ಇಳಿದು ಇನ್ನೊಂದು, ಬರುವಾಗಲೂ ಹಾಗೇ. ಒಟ್ಟು ನಾಲ್ಕು ಹಾರಾಟ. ಹೊರಡುವ ಮೊದಲೇ ಮಗಳು ಆ ವಿಮಾನ ಕಂಪನಿಯ ಫ್ರೀಕ್ವೆಂಟ್ ಫ್ಲೈಯರ್ ಯೋಜನೆಗೆ ಅಮ್ಮನನ್ನು ಸೇರಿಸಿ, ಸದಸ್ಯತ್ವದ ಸಂಖ್ಯೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದಳು. ಅಕ್ಕ ಮೈಸೂರಿಗೆ ಮರಳಿ ಎರಡು ತಿಂಗಳಾದರೂ ಖಾತೆಯಲ್ಲಿ ಸೊನ್ನೆಯೇ ಇತ್ತು.

"ಅಷ್ಟು ದೂರ ಕಾಲು ಮಡಚಿಕೊಂಡು ಕೂತು ಹೋಗಿಬಂದಿದ್ದೀನಿ. ಇದು ನೋಡಿದ್ರೆ ನಾನು ಹೋಗೇ ಇಲ್ಲ ಅಂತಿದೆಯಲ್ಲೋ" ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಾಜರಿ ಹಾಕಿದವಳು ಅವಳು. ತರಗತಿಗೆ ಬಂದ ಹುಡುಗನಿಗೆ ಗೈರುಹಾಜರಿ ಬಿದ್ದರೆ ಅವಳಿಗೆ ಸಹಿಸುತ್ತಿರಲಿಲ್ಲ.

ಆ ನಾಲ್ಕು ಹಾರಾಟಗಳನ್ನು ಖಾತೆಗೆ ಬರಿಸುವುದಕ್ಕೆ ನಮಗೆ ಆರು ವಾರ ಹಿಡಿಯಿತು. ಹಾಗೆ ಓಡಾಡುವಾಗ ಒಂದು ವಿಷಯ ಗಟ್ಟಿಯಾಯಿತು. ಈ ಖಾತೆಗಳಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿರುತ್ತವೆ. ಹೆಚ್ಚಿನವರು ಒಂದನ್ನೇ ನೋಡುತ್ತಾರೆ, ಇನ್ನೊಂದು ಕಳೆದುಹೋಗಿದ್ದು ಅವರಿಗೆ ತಿಳಿಯುವುದೇ ಇಲ್ಲ.

ಎರಡು ಕಾಲಂ ಯಾಕೆ?

1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ 'ಎಅಡ್ವಾಂಟೇಜ್' ಯೋಜನೆಯನ್ನು ಶುರುಮಾಡಿದಾಗ ಲೆಕ್ಕ ಸರಳವಾಗಿತ್ತು. ಹಾರಿದ ದೂರವನ್ನು ಮೈಲಿಯಲ್ಲಿ ಕೂಡಿಸುತ್ತ ಹೋಗುವುದು, ಇಷ್ಟು ಮೈಲಿ ಆದಮೇಲೆ ಒಂದು ಬಿಟ್ಟಿ ಟಿಕೆಟ್. ಆಮೇಲೆ ವಿಮಾನ ಕಂಪನಿಗಳು ಇದೇ ಮೈಲಿಗಳನ್ನು, ಪಾಯಿಂಟುಗಳನ್ನು ಬ್ಯಾಂಕುಗಳಿಗೂ ಅಂಗಡಿಗಳಿಗೂ ಮಾರತೊಡಗಿದವು. ಬ್ಯಾಂಕು ಅವನ್ನು ಕ್ರೆಡಿಟ್ ಕಾರ್ಡ್ ಗ್ರಾಹಕರಿಗೆ ಹಂಚಿತು, ಸೂಪರ್‌ಮಾರ್ಕೆಟ್ಟು ದಿನಸಿ ಕೊಳ್ಳುವವರಿಗೆ ಹಂಚಿತು. ವಿಮಾನವನ್ನೇ ಹತ್ತದವನ ಖಾತೆಯಲ್ಲೂ ಲಕ್ಷ ಪಾಯಿಂಟು ಇರಬಹುದು ಎಂಬಂತಾಯಿತು.

ಆಗ, ನಿಜವಾಗಿ ನಮ್ಮ ವಿಮಾನದಲ್ಲಿ ಕೂತು ಓಡಾಡುವವರು ಯಾರು ಎಂದು ಗುರುತಿಸಲು ಕಂಪನಿಗೆ ಇನ್ನೊಂದು ಅಳತೆ ಬೇಕಾಯಿತು. ಆ ಅಳತೆಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಆಸ್ಟ್ರೇಲಿಯಾದ ಕ್ವಾಂಟಸ್ ಅದನ್ನು ಸ್ಟೇಟಸ್ ಕ್ರೆಡಿಟ್ ಎನ್ನುತ್ತದೆ. ನಮ್ಮ ಏರ್ ಇಂಡಿಯಾದಲ್ಲಿ ಅದು ಟಿಯರ್ ಪಾಯಿಂಟ್, ಎಮಿರೇಟ್ಸ್‌ನಲ್ಲಿ ಟಿಯರ್ ಮೈಲ್, ಸಿಂಗಪುರ ಏರ್‌ಲೈನ್ಸ್‌ನಲ್ಲಿ ಎಲೀಟ್ ಮೈಲ್. ಹೆಸರು ಯಾವುದಾದರೂ ಸ್ವಭಾವ ಒಂದೇ.

ಇದನ್ನೆಲ್ಲ ನಾನು ಸುತ್ತಿಬಳಸಿ ವಿವರಿಸುತ್ತಿದ್ದಾಗ ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು: "ಪಾಯಿಂಟು ಅಂದ್ರೆ ಪಾಸ್‌ಬುಕ್ಕು, ಇನ್ನೊಂದು ಹಾಜರಿ ಪುಸ್ತಕ. ಅಷ್ಟೇ ತಾನೆ?"

ಅಷ್ಟೇ. ಪಾಸ್‌ಬುಕ್ಕಿನಲ್ಲಿರುವುದು ಖರ್ಚು ಮಾಡುವ ದುಡ್ಡು. ಟಿಕೆಟ್ ಕೊಳ್ಳಬಹುದು, ಸೀಟನ್ನು ಮೇಲಿನ ದರ್ಜೆಗೆ ಏರಿಸಿಕೊಳ್ಳಬಹುದು, ಬಳಸಿದಷ್ಟೂ ಕಡಿಮೆಯಾಗುತ್ತದೆ. ಹಾಜರಿಯನ್ನು ಕೊಟ್ಟು ಏನನ್ನೂ ಕೊಳ್ಳಲಾಗದು, ಖರ್ಚಾಗಿ ಅದು ಕಡಿಮೆಯಾಗುವುದೂ ಇಲ್ಲ. ವರ್ಷದಲ್ಲಿ ಇಷ್ಟು ಹಾಜರಿ ಇದ್ದರೆ ಮೇಲಿನ ತರಗತಿ, ಅಂದರೆ ಸಿಲ್ವರ್, ಗೋಲ್ಡ್ ಮುಂತಾದ ದರ್ಜೆ ಸಿಗುತ್ತದೆ. ಹೊಸ ವರ್ಷಕ್ಕೆ ಹೊಸ ಪುಸ್ತಕ ತೆರೆದಂತೆ, ಸಾಮಾನ್ಯವಾಗಿ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹತ್ತು ಕ್ರೆಡಿಟ್‌ನ ಬೆಲೆ

ಈ ವ್ಯತ್ಯಾಸವನ್ನು ಕ್ವಾಂಟಸ್‌ನ ಲೆಕ್ಕದಲ್ಲಿಟ್ಟು ನೋಡೋಣ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಮತ್ತು ಸಿಡ್ನಿ ನಡುವೆ ಅದರ ನೇರ ವಿಮಾನ ಶುರುವಾದ ಮೇಲೆ ಕನ್ನಡದ ಅನೇಕ ಮನೆಗಳಲ್ಲಿ ಅದರ ಸದಸ್ಯರಿದ್ದಾರೆ.

ಅಲ್ಲಿ ಎಲ್ಲರೂ ಶುರುಮಾಡುವುದು ಬ್ರಾಂಜ್ ದರ್ಜೆಯಿಂದ. ಒಂದು ಸದಸ್ಯತ್ವ ವರ್ಷದಲ್ಲಿ 300 ಸ್ಟೇಟಸ್ ಕ್ರೆಡಿಟ್ ಆದರೆ ಸಿಲ್ವರ್, 700 ಆದರೆ ಗೋಲ್ಡ್, 1400 ಆದರೆ ಪ್ಲಾಟಿನಂ. ಜೊತೆಗೆ ಆ ವರ್ಷ ಕ್ವಾಂಟಸ್ ಅಥವಾ ಅದರ ಸೋದರ ಸಂಸ್ಥೆ ಜೆಟ್‌ಸ್ಟಾರ್‌ನಲ್ಲಿ ಕನಿಷ್ಠ ನಾಲ್ಕು ಅರ್ಹ ಹಾರಾಟಗಳಾದರೂ ಇರಬೇಕು. ಸದಸ್ಯತ್ವ ವರ್ಷ ಜನವರಿಗೆ ಶುರುವಾಗಬೇಕೆಂದಿಲ್ಲ, ನೀವು ಸೇರಿದ ತಿಂಗಳಿನಿಂದ ಹನ್ನೆರಡು ತಿಂಗಳು.

ಸಿಡ್ನಿಯಲ್ಲಿ ಕೆಲಸ ಮಾಡುವ ಒಬ್ಬ ಕನ್ನಡಿಗನನ್ನು ಕಲ್ಪಿಸಿಕೊಳ್ಳಿ. ಆಫೀಸಿನ ಕೆಲಸಕ್ಕೆಂದು ಮೆಲ್ಬರ್ನ್‌ಗೆ ಆಗಾಗ ಹೋಗಿಬರುತ್ತಾನೆ. ಕಡಿಮೆ ದರದ ಎಕಾನಮಿ ಟಿಕೆಟ್ಟಿಗೆ ಒಂದು ಕಡೆಯ ಹಾರಾಟಕ್ಕೆ 10 ಕ್ರೆಡಿಟ್. ಸಿಲ್ವರ್ ಆಗಲು ಮೂವತ್ತು ಹಾರಾಟ, ಅಂದರೆ ಹದಿನೈದು ಬಾರಿ ಹೋಗಿಬರಬೇಕು. ಅದೇ ದಾರಿಯಲ್ಲಿ ಬಿಸಿನೆಸ್ ದರ್ಜೆಯಲ್ಲಿ ಕೂತರೆ ಒಂದು ಹಾರಾಟಕ್ಕೆ 40. ಇವನ ಮನೆಯವರು ವೂಲ್‌ವರ್ತ್ಸ್‌ನಲ್ಲಿ ದಿನಸಿ ಕೊಳ್ಳುತ್ತಾರೆ, ಕಾರ್ಡ್ ಉಜ್ಜುತ್ತಾರೆ, ಪಾಯಿಂಟು ಸೇರುತ್ತ ಹೋಗುತ್ತದೆ. ಎರಡು ಲಕ್ಷ ಪಾಯಿಂಟ್ ಸೇರಿದರೂ ಆ ದಿನಸಿಯಿಂದ ಅವನು ಸಿಲ್ವರ್ ಆಗುವುದಿಲ್ಲ. ಅದಕ್ಕೆ ವಿಮಾನ ಹತ್ತಲೇಬೇಕು.

ಅವನ ಸದಸ್ಯತ್ವ ವರ್ಷ ಮೇ 31ಕ್ಕೆ ಮುಗಿಯುತ್ತದೆ ಎಂದುಕೊಳ್ಳಿ. ಮೇ 20ಕ್ಕೆ ಖಾತೆ ತೆರೆದರೆ 290 ಕ್ರೆಡಿಟ್ ತೋರಿಸುತ್ತಿದೆ. ಆದರೆ ಅವನು ಹಾರಿದ್ದು ಮೂವತ್ತು ಸಲ. ಒಂದೊಂದಾಗಿ ತಾಳೆ ನೋಡಿದರೆ ಫೆಬ್ರವರಿಯ ಒಂದು ಹಾರಾಟ ಇಲ್ಲ. ಆ ದಿನ ವಾಪಸ್ ಬರುವ ಟಿಕೆಟ್ಟನ್ನು ಆಫೀಸಿನಲ್ಲಿ ಬೇರೆಯವರು ಅವಸರದಲ್ಲಿ ಮಾಡಿಸಿದ್ದರು, ಸದಸ್ಯತ್ವದ ಸಂಖ್ಯೆ ಹಾಕಿರಲಿಲ್ಲ.

ಪಾಯಿಂಟಿನ ಕಾಲಂ ಮಾತ್ರ ನೋಡುವವನಾಗಿದ್ದರೆ, ಸಾವಿರದ ಆಸುಪಾಸಿನ ಈ ಕೊರತೆ ದೊಡ್ಡ ಮೊತ್ತದಲ್ಲಿ ಕಣ್ಣಿಗೇ ಬೀಳುತ್ತಿರಲಿಲ್ಲ. ಬಿದ್ದರೂ ಹೋಗಲಿ ಬಿಡು ಎನ್ನುತ್ತಿದ್ದ. ಆದರೆ ಹಾಜರಿಯ ಕಾಲಂನಲ್ಲಿ ಅದೇ ಹಾರಾಟದ 10 ಕ್ರೆಡಿಟ್ ಬಂದರೆ ಲೆಕ್ಕ 300ಕ್ಕೆ ಮುಟ್ಟುತ್ತದೆ. ಸಿಲ್ವರ್ ದರ್ಜೆ ಈ ವರ್ಷದ ಉಳಿದ ದಿನಗಳಿಗೂ ಮುಂದಿನ ಇಡೀ ವರ್ಷಕ್ಕೂ ಸಿಗುತ್ತದೆ. ಅಲ್ಲಿಂದ ಮುಂದೆ ಅವನ ಕ್ವಾಂಟಸ್ ಹಾರಾಟಗಳಿಗೆ ಪಾಯಿಂಟು ಶೇಕಡಾ 50 ಹೆಚ್ಚು ಬರುತ್ತದೆ. ಮರುವರ್ಷ ದರ್ಜೆ ಉಳಿಸಿಕೊಳ್ಳಲು 300 ಬೇಡ, 250 ಸಾಕು. ಗಮನಿಸಿ, ಹೆಚ್ಚಾಗುವುದು ಪಾಯಿಂಟು ಮಾತ್ರ. ಸ್ಟೇಟಸ್ ಕ್ರೆಡಿಟ್ ಆಗಲೂ ಹಾರಾಟಕ್ಕೆ ಅದೇ ಹತ್ತು. ಎರಡು ಲೆಕ್ಕಗಳು ಎಷ್ಟು ಬೇರೆ ಎಂಬುದು ಇದರಲ್ಲೇ ಕಾಣುತ್ತದೆ.

ಹಾರಾಟ ಕಳೆದುಹೋಗುವುದು ಎಲ್ಲಿ?

ಇವನ ವಿಷಯದಲ್ಲಿ ಆದದ್ದು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ, ಬುಕ್ಕಿಂಗಿನಲ್ಲಿ ಸಂಖ್ಯೆಯೇ ಇಲ್ಲದಿರುವುದು. ನಮ್ಮಕ್ಕನ ಸಂಖ್ಯೆ ಇತ್ತು. ಅಲ್ಲಿ ತೊಡಕಾದದ್ದು ಹೆಸರು. ನಮ್ಮ ಕಡೆಯ ಹೆಸರುಗಳಿಗೆ ಇದು ಮತ್ತೆ ಮತ್ತೆ ಆಗುವ ತೊಂದರೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಕ್ಕನ ಹೆಸರನ್ನು ವಿಮಲಾ ಎಂದಿಟ್ಟುಕೊಳ್ಳಿ. ಊರಲ್ಲಿ ಅವಳು ಎರಡು ಇನಿಷಿಯಲ್ ಇರುವ ವಿಮಲಾ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಇಲ್ಲ; ಸರ್‌ನೇಮ್ ಜಾಗ ಖಾಲಿ, ಹೆಸರಿನ ಜಾಗದಲ್ಲಿ ಒಂದೇ ಪದ. ವಿಮಾನದ ಬುಕ್ಕಿಂಗ್ ವ್ಯವಸ್ಥೆ ಸರ್‌ನೇಮ್ ಇಲ್ಲದೆ ಮುಂದೆ ಹೋಗುವುದಿಲ್ಲವಾದ್ದರಿಂದ ಏಜೆಂಟರು ಒಂದೇ ಹೆಸರನ್ನು ಎರಡೂ ಕಡೆ ಹಾಕಿದ್ದರು. ಟಿಕೆಟ್ಟಿನ ಮೇಲೆ ಅದು ಹೀಗೆ ಬಂದಿತ್ತು: `VIMALA/VIMALA MRS`. ಇತ್ತ ಮಗಳು ಸದಸ್ಯತ್ವ ಮಾಡಿಸುವಾಗ ಅದೇ ಸರ್‌ನೇಮ್ ಜಾಗಕ್ಕೆ ತಾತನ ಹೆಸರು ಹಾಕಿದ್ದಳು. ಮನುಷ್ಯರು ನೋಡಿದರೆ ಇಬ್ಬರೂ ಒಬ್ಬರೇ ಎಂದು ತಿಳಿಯುತ್ತದೆ. ಕಂಪ್ಯೂಟರಿಗೆ ಸಂಖ್ಯೆ ಸರಿಯಿದ್ದರೂ ಹೆಸರು ಹೊಂದಲಿಲ್ಲ, ನಾಲ್ಕು ಹಾರಾಟವನ್ನೂ ಪಕ್ಕಕ್ಕಿಟ್ಟಿತು.

ಮೂರನೆಯ ಕಾರಣ ಸಹಭಾಗಿ ವಿಮಾನಗಳದ್ದು. ಟಿಕೆಟ್ ಮಾರಿದ್ದು ಒಂದು ಕಂಪನಿ, ವಿಮಾನ ಹಾರಿಸಿದ್ದು ಇನ್ನೊಂದು. ಇದಕ್ಕೆ ಕೋಡ್‌ಶೇರ್ ಎನ್ನುತ್ತಾರೆ. ಕೆಲವು ಯೋಜನೆಗಳು ಟಿಕೆಟ್ಟಿನ ಮೇಲಿನ ವಿಮಾನ ಸಂಖ್ಯೆಯನ್ನು ನೋಡುತ್ತವೆ, ಕೆಲವು ಹಾರಿಸಿದವರು ಯಾರೆಂದು ನೋಡುತ್ತವೆ. ಜೊತೆಗೆ ದರದ ಅಕ್ಷರವೂ ಮುಖ್ಯ. ಎಕಾನಮಿ ಎಂಬ ಒಂದೇ ಹೆಸರಿನ ಕೆಳಗೆ ಹತ್ತಾರು ದರಗಳಿರುತ್ತವೆ, ಪ್ರತಿ ದರಕ್ಕೂ `Y`, `K`, `Q` ಎಂಬಂಥ ಒಂದು ಅಕ್ಷರ. ಸಹಭಾಗಿ ಕಂಪನಿಯ ವಿಮಾನದಲ್ಲಿ ತೀರಾ ಅಗ್ಗದ ಕೆಲವು ಅಕ್ಷರಗಳಿಗೆ ಏನೂ ಬರುವುದಿಲ್ಲ. ಅಂಥಲ್ಲಿ ಪಾಯಿಂಟು ಕಳೆದುಹೋಗಿಲ್ಲ, ಮೊದಲೇ ಇರಲಿಲ್ಲ. ಅರ್ಜಿ ಹಾಕುವ ಮೊದಲು ಟಿಕೆಟ್ಟಿನಲ್ಲಿರುವ ಅಕ್ಷರವನ್ನು ಯೋಜನೆಯ ಪಟ್ಟಿಯಲ್ಲಿ ಹುಡುಕಿ ನೋಡಿದರೆ ಅರ್ಧ ಶ್ರಮ ಉಳಿಯುತ್ತದೆ.

ಇನ್ನೊಂದು ಮಿತಿಯೂ ಇದೆ. ಒಂದು ಹಾರಾಟ ಒಂದೇ ಖಾತೆಗೆ. ಏರ್ ಇಂಡಿಯಾ, ಸಿಂಗಪುರ ಏರ್‌ಲೈನ್ಸ್ ಎರಡೂ ಸ್ಟಾರ್ ಅಲಯನ್ಸ್ ಕೂಟದಲ್ಲಿವೆ. ಹಾಗಾಗಿ ಸಿಂಗಪುರದ ಅರ್ಹ ಹಾರಾಟವನ್ನು ಎರಡರಲ್ಲಿ ಯಾವ ಖಾತೆಗಾದರೂ ಹಾಕಿಸಬಹುದು, ಎರಡಕ್ಕೂ ಹಾಕಿಸಲಾಗದು. ಒಂದಕ್ಕೆ ಬಿದ್ದ ಮೇಲೆ ಇನ್ನೊಂದಕ್ಕೆ ಬದಲಿಸಿಕೊಡಿ ಎಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಕೇಳುವ ಕ್ರಮ

ಇಳಿದ ಮರುದಿನವೇ ಅರ್ಜಿ ಹಾಕಬೇಕಿಲ್ಲ. ತಮ್ಮದೇ ವಿಮಾನವಾದರೆ ಕೆಲವು ದಿನಗಳಲ್ಲಿ ತಾನಾಗಿ ಬರುತ್ತದೆ. ಸಹಭಾಗಿಯದ್ದಾದರೆ ಕೆಲವು ವಾರ ಹಿಡಿಯಬಹುದು. ಹಾಗೆಂದು ಮರೆತು ಕೂರುವ ಹಾಗೂ ಇಲ್ಲ. ಪ್ರತಿ ಯೋಜನೆಗೂ ಒಂದು ಗಡುವಿದೆ. ಸಿಂಗಪುರದ ಕ್ರಿಸ್‌ಫ್ಲೈಯರ್‌ನಲ್ಲಿ ಅದು ಹಾರಿದ ದಿನದಿಂದ 6 ತಿಂಗಳು. ಆಮೇಲೆ ದಾಖಲೆ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ದಾಖಲೆ ಎಂದರೆ ಎರಡು. ಒಂದು ಬೋರ್ಡಿಂಗ್ ಪಾಸ್, ಇನ್ನೊಂದು ಟಿಕೆಟ್ ಸಂಖ್ಯೆ ಇರುವ ಇ-ಟಿಕೆಟ್ ರಸೀದಿ. ಎರಡರಲ್ಲೂ ನಾವು ಎಡವುತ್ತೇವೆ.

ಕೌಂಟರಿನಲ್ಲಿ ಕೊಡುವ ಬೋರ್ಡಿಂಗ್ ಪಾಸ್ ಬಹುಪಾಲು ಥರ್ಮಲ್ ಕಾಗದ, ಪೆಟ್ರೋಲ್ ಬಂಕಿನ ರಸೀದಿಯಂಥದ್ದು. ಅಕ್ಕ ತನ್ನ ನಾಲ್ಕು ಪಾಸ್‌ಗಳನ್ನೂ ಪಾಸ್‌ಪೋರ್ಟಿನೊಳಗೆ ಜೋಪಾನವಾಗಿಟ್ಟಿದ್ದಳು. ತೆಗೆದು ನೋಡಿದರೆ ಒಂದರಲ್ಲಿ ಹೆಸರು, ಸೀಟು ಮಾತ್ರ ಓದುವ ಹಾಗಿತ್ತು, ಕೆಳಗಿನ ಸಾಲೆಲ್ಲ ಬೆಳ್ಳಗಾಗಿತ್ತು. ಫೋನಿನೊಳಗಿನ ಪಾಸ್ ನಂಬಿದರೆ ಹಾರಾಟ ಮುಗಿದ ಮೇಲೆ ಆ್ಯಪಿನಿಂದ ಅದು ಮಾಯವಾಗಬಹುದು. ಕಾಗದವಾದರೆ ಕೈಗೆ ಬಂದ ಕೂಡಲೇ ಫೋಟೋ, ಫೋನಿನಲ್ಲಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡುವುದೇ ದಾರಿ.

ಟಿಕೆಟ್ ಸಂಖ್ಯೆ ಎಂದರೆ ಪಿಎನ್‌ಆರ್ ಅಲ್ಲ. ಪಿಎನ್‌ಆರ್ ಆರು ಅಕ್ಷರ-ಅಂಕಿಗಳ ಬುಕ್ಕಿಂಗ್ ಗುರುತು. ಟಿಕೆಟ್ ಸಂಖ್ಯೆಯಲ್ಲಿ 13 ಅಂಕಿ ಇರುತ್ತವೆ. ಅದರ ಮೊದಲ ಮೂರು ಅಂಕಿ ಟಿಕೆಟ್ ಯಾವ ಕಂಪನಿಯದೆಂದು ಹೇಳುತ್ತವೆ: `098` ಇದ್ದರೆ ಏರ್ ಇಂಡಿಯಾ, `081` ಕ್ವಾಂಟಸ್, `618` ಸಿಂಗಪುರ ಏರ್‌ಲೈನ್ಸ್. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಸಂಖ್ಯೆ ಇರಬಹುದು, ಆದರೆ ಅರ್ಜಿಯನ್ನು ಒಂದೊಂದು ಹಾರಾಟಕ್ಕೂ ಬೇರೆಯಾಗಿ ತುಂಬುವುದು ಒಳ್ಳೆಯದು. ಬೆಂಗಳೂರಿನಿಂದ ಮೆಲ್ಬರ್ನ್‌ಗೆ ಎಂದು ಒಟ್ಟಿಗೆ ಬರೆದರೆ, ನಡುವೆ ಇಳಿದು ಹತ್ತಿದ ಎರಡು ವಿಮಾನಗಳಲ್ಲಿ ಒಂದು ಬಿಟ್ಟುಹೋಗುವ ಸಂಭವ ಹೆಚ್ಚು. ಕೋಡ್‌ಶೇರ್ ಆಗಿದ್ದರೆ ಟಿಕೆಟ್ಟಿನ ವಿಮಾನ ಸಂಖ್ಯೆ, ಹಾರಿಸಿದ ಕಂಪನಿಯ ಹೆಸರು ಎರಡನ್ನೂ ಬರೆಯಿರಿ.

ವಿಮಾನ ರದ್ದಾಗಿ ಬೇರೆ ಕಂಪನಿಯ ವಿಮಾನಕ್ಕೆ ಹತ್ತಿಸಿದ್ದರೆ ಕೇಳುವ ರೀತಿಯೇ ಬೇರೆ. ಹೊಸ ವಿಮಾನದ ಟಿಕೆಟ್ಟಿನಲ್ಲಿ ಏನೂ ಸಿಗದ ಅಕ್ಷರ ಬಿದ್ದಿರಬಹುದು. ಆಗ ನೀವು ಮೊದಲು ಕೊಂಡ ಟಿಕೆಟ್ಟಿನ ಪ್ರಕಾರ ಲೆಕ್ಕ ಹಾಕಿಕೊಡಿ ಎಂದು ಕೇಳಬೇಕು. ಇದಕ್ಕೆ ಒರಿಜಿನಲ್ ರೂಟಿಂಗ್ ಕ್ರೆಡಿಟ್ ಎಂಬ ಹೆಸರೇ ಇದೆ, ಆ ಹೆಸರು ಬಳಸಿ ಕೇಳಿದರೆ ಮಾತು ಬೇಗ ತಲುಪುತ್ತದೆ. ಅದಕ್ಕಾಗಿ ಹಳೆಯ ಟಿಕೆಟ್ಟಿನ ಮೇಲ್ ಅಳಿಸದೆ ಇಟ್ಟುಕೊಂಡಿರಬೇಕು.

ಒಂದು ಸಾಲಿನಲ್ಲಿ ಎರಡು ಸಂಖ್ಯೆ

ನಮ್ಮ ಮೊದಲ ಅರ್ಜಿ ತಿರಸ್ಕಾರವಾಯಿತು. ಹೆಸರು ಹೊಂದುವುದಿಲ್ಲ ಎಂಬ ಒಂದೇ ಸಾಲಿನ ಉತ್ತರ. ಅದೇ ಅರ್ಜಿಯನ್ನು ಮತ್ತೆ ಹಾಕಿದ್ದರೆ ಅದೇ ಉತ್ತರ ಬರುತ್ತಿತ್ತು. ಹಾಗಾಗಿ ಮೊದಲು ಪಾಸ್‌ಪೋರ್ಟ್ ಪುಟದ ಪ್ರತಿ ಕಳಿಸಿ ಸದಸ್ಯತ್ವದ ಹೆಸರನ್ನೇ ಸರಿಮಾಡಿಸಿದೆವು. ಅದಕ್ಕೆ ಎರಡು ವಾರ. ಆಮೇಲೆ ನಾಲ್ಕು ಹಾರಾಟಕ್ಕೆ ನಾಲ್ಕು ಅರ್ಜಿ.

ಮೂರು ಹಾರಾಟ ಖಾತೆಗೆ ಬಂದವು. ಪ್ರತಿಯೊಂದರಲ್ಲೂ ದಿನಾಂಕ, ವಿಮಾನ ಸಂಖ್ಯೆ, ಎಲ್ಲಿಂದ ಎಲ್ಲಿಗೆ ಎಂಬುದರ ಮುಂದೆ ಎರಡು ಸಂಖ್ಯೆಗಳಿದ್ದವು, ಪಾಯಿಂಟಿನದ್ದೊಂದು, ದರ್ಜೆಯದ್ದೊಂದು. ನಾಲ್ಕನೆಯದು ಅಕ್ಷರ ಮಾಸಿದ ಆ ಬೋರ್ಡಿಂಗ್ ಪಾಸಿನದ್ದು. ಅದಕ್ಕೂ ಪಾಯಿಂಟು ಬಂದಿತ್ತು, ಆದರೆ ವಿಮಾನ ಸಂಖ್ಯೆ ಇರಲಿಲ್ಲ. ಗ್ರಾಹಕ ಸೇವೆಯ ಹೊಂದಾಣಿಕೆ ಎಂಬ ಅರ್ಥದ ಎರಡು ಪದ, ಒಂದು ಸಂಖ್ಯೆ. ದರ್ಜೆಯ ಕಾಲಂ ಖಾಲಿ.

"ಫೀಸು ವಾಪಸ್ ಕೊಟ್ಟಿದ್ದಾರೆ, ಹಾಜರಿ ಹಾಕಿಲ್ಲ" ಎಂದಳು ಅಕ್ಕ.

ಸರಿಯಾಗಿಯೇ ಹೇಳಿದಳು. ಹಾರಾಟವನ್ನು ಪತ್ತೆಹಚ್ಚಿ ದಾಖಲಿಸುವ ಬದಲು, ಸಮಾಧಾನಕ್ಕೆಂದು ಅಷ್ಟೇ ಮೊತ್ತದ ಪಾಯಿಂಟನ್ನು ಖಾತೆಗೆ ಹಾಕಿ ದೂರನ್ನು ಮುಗಿಸುವುದುಂಟು. ಮೊತ್ತ ಸರಿಯಿರುವುದರಿಂದ ನಾವೂ ಸುಮ್ಮನಾಗುತ್ತೇವೆ. ಮೆಲ್ಬರ್ನ್‌ಗೆ ಓಡಾಡುವ ಆ ಸಿಡ್ನಿಯವನಿಗೆ ಹೀಗಾಗಿದ್ದರೆ ಪಾಯಿಂಟು ಬಂದೂ ಅವನು 290ರಲ್ಲೇ ನಿಲ್ಲುತ್ತಿದ್ದ. ಆದ್ದರಿಂದ ಅರ್ಜಿ ಮಂಜೂರಾಗಿದೆ ಎಂಬ ಮೇಲ್ ಬಂದಾಗ ಖಾತೆಯ ಒಟ್ಟು ಮೊತ್ತ ನೋಡಿ ಮುಚ್ಚಬಾರದು. ಆ ಸಾಲನ್ನು ತೆರೆದು ವಿಮಾನ ಸಂಖ್ಯೆ ಇದೆಯೇ, ಎರಡೂ ಕಾಲಂ ತುಂಬಿದೆಯೇ ಎಂದು ನೋಡಬೇಕು.

ನಾವು ಮತ್ತೊಮ್ಮೆ ಬರೆದೆವು. ಪಾಯಿಂಟಿಗೆ ವಂದನೆ ಹೇಳಿ, ಇದನ್ನು ಹಾರಾಟವಾಗಿ ದಾಖಲಿಸಿ ದರ್ಜೆಯ ಲೆಕ್ಕವನ್ನೂ ಕೊಡಿ ಎಂದು ಕೇಳಿ, ಟಿಕೆಟ್ ಸಂಖ್ಯೆ ಇರುವ ರಸೀದಿಯನ್ನು ಏಜೆಂಟರಿಂದ ತರಿಸಿ ಜೋಡಿಸಿದೆವು. ಹತ್ತು ದಿನದಲ್ಲಿ ಹಳೆಯ ಸಾಲು ಹೋಗಿ, ವಿಮಾನ ಸಂಖ್ಯೆ ಇರುವ ಹೊಸ ಸಾಲು ಬಂತು.

ಯಾರಿಗೆ ಯಾವುದು ಮುಖ್ಯ?

ಅಕ್ಕನಂತೆ ವರ್ಷಕ್ಕೊಮ್ಮೆ ಮಕ್ಕಳ ಮನೆಗೆ ಹೋಗಿಬರುವವರು ದರ್ಜೆಗಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಗ್ಗದ ಟಿಕೆಟ್ಟಿನಲ್ಲಿ ಒಂದು ಪ್ರಯಾಣದ ಹಾಜರಿಯಿಂದ ಸಿಲ್ವರ್ ಮುಟ್ಟುವುದು ಕಷ್ಟ. ಅವರಿಗೆ ಪಾಸ್‌ಬುಕ್ಕೇ ಮುಖ್ಯ, ಅದರ ಅವಧಿ ಇನ್ನೂ ಮುಖ್ಯ. ಕ್ವಾಂಟಸ್‌ನಲ್ಲಿ 18 ತಿಂಗಳು ಖಾತೆಯಲ್ಲಿ ಏನೂ ಚಟುವಟಿಕೆ ಇಲ್ಲದಿದ್ದರೆ ಪಾಯಿಂಟು ಹೋಗುತ್ತದೆ. ನಡುವೆ ಸ್ವಲ್ಪ ಸಂಪಾದಿಸಿದರೂ ಬಳಸಿದರೂ ಅವಧಿ ಮುಂದಕ್ಕೆ ಹೋಗುತ್ತದೆ. ಕ್ರಿಸ್‌ಫ್ಲೈಯರ್‌ನಲ್ಲಿ ಮೈಲಿಗಳಿಗೆ ಬಂದಲ್ಲಿಂದ ಮೂರು ವರ್ಷದ ಆಯಸ್ಸು. ಇಂಥವರು ನಾಲ್ಕು ಕಂಪನಿಗಳಲ್ಲಿ ನಾಲ್ಕು ಪುಡಿ ಖಾತೆ ಇಟ್ಟುಕೊಳ್ಳುವ ಬದಲು ಒಂದು ಕೂಟದಲ್ಲಿ ಒಂದೇ ಖಾತೆಗೆ ಎಲ್ಲವನ್ನೂ ಹಾಕಿಸುವುದು ಜಾಣತನ.

ತಿಂಗಳಿಗೆ ಎರಡು ಮೂರು ಸಲ ಹಾರುವವರಿಗೆ ಹಾಜರಿಯ ಕಾಲಂ ಹೆಚ್ಚು ಬೆಲೆಬಾಳುತ್ತದೆ. ಗೋಲ್ಡ್ ಆದರೆ ಲೌಂಜ್, ಹೆಚ್ಚುವರಿ ಲಗೇಜು, ಚೆಕ್-ಇನ್‌ಗೆ ಬೇರೆ ಸಾಲು. ಊರಿಂದ ಹುಳಿಪುಡಿ, ಹಪ್ಪಳ, ಉಪ್ಪಿನಕಾಯಿ ಹೊತ್ತು ಹೋಗುವವರಿಗೆ ಆ ಹೆಚ್ಚುವರಿ ಲಗೇಜಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇವರು ತಮ್ಮ ಸದಸ್ಯತ್ವ ವರ್ಷ ಯಾವಾಗ ಮುಗಿಯುತ್ತದೆಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಅದಕ್ಕೆ ಎರಡು ತಿಂಗಳ ಮೊದಲೇ ಹಾರಿದ್ದಕ್ಕೂ ದಾಖಲಾದದ್ದಕ್ಕೂ ತಾಳೆ ನೋಡಬೇಕು.

ಮುಂದಿನ ಸಲ ಟಿಕೆಟ್ ಕೈಗೆ ಬಂದಾಗ ಮೂರು ಕೆಲಸ ಮಾಡಿ. ಟಿಕೆಟ್ಟಿನ ಮೇಲಿನ ಹೆಸರೂ ಸದಸ್ಯತ್ವದ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ನೋಡಿ. ಚೆಕ್-ಇನ್ ಮಾಡುವಾಗ ಬೋರ್ಡಿಂಗ್ ಪಾಸಿನ ಮೇಲೆ ನಿಮ್ಮ ಸದಸ್ಯತ್ವ ಸಂಖ್ಯೆ ಅಚ್ಚಾಗಿದೆಯೇ ನೋಡಿ, ಇಲ್ಲದಿದ್ದರೆ ಅಲ್ಲೇ ಹಾಕಿಸಿ. ಪಾಸಿನ ಫೋಟೋವನ್ನು ಎರಡೂ ಕಾಲಂ ತುಂಬುವವರೆಗೆ ಅಳಿಸಬೇಡಿ.